ಕಾರ್ಯಪ್ಪ, ತಿಮ್ಮಯ್ಯ ಅಡ್ಡಹೆಸರುಗಳಲ್ಲ

"ಕೊಡವರಲ್ಲಿ ಕಾರ್ಯಪ್ಪ, ತಿಮ್ಮಯ್ಯ ಅನ್ನೋವು ಸರ್‌ನೇಮ್. ಸರ್‌ನೇಮ್ ಒಂದೇ ಇದ್ದರೆ ಒಂದೇ ಕುಟುಂಬ."

ಇದು ತಪ್ಪು. ಅವು ಇಟ್ಟ ಹೆಸರುಗಳು. ಕುಟುಂಬದ ಹೆಸರು ಮೊದಲೇ ಬರುತ್ತದೆ, ಅದನ್ನು ನಾವು ಇನಿಶಿಯಲ್ ಅಂತ ದಾಟಿಬಿಡುತ್ತೇವೆ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಅಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ: ಒಕ್ಕದ, ಅಂದರೆ ಕೊಡವ ಮನೆತನದ ಹೆಸರು, ತಂದೆಯ ಹೆಸರು, ಆಮೇಲೆ ಅವರ ಹೆಸರು. ಜನರಲ್ ಕೆ. ಎಸ್. ತಿಮ್ಮಯ್ಯ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೊನೆಯ ಹೆಸರು ಬೇರೆ, ಆದರೆ ಇಬ್ಬರದೂ ಒಂದೇ ಒಕ್ಕ! ಬೇರೆ ಬೇರೆ ಒಕ್ಕಗಳ ಇಬ್ಬರು ಕಾರ್ಯಪ್ಪಂದಿರು ನೆಂಟರೇ ಆಗಬೇಕಿಲ್ಲ.

ಗೊಂದಲ ಶುರುವಾಗೋದು ಫಾರ್ಮ್‌ನಲ್ಲಿ. ಕೊನೆಯ ಹೆಸರು ಕೇಳಿದಾಗ ಕೆಲವರು ತಂದೆಯ ಹೆಸರು ಬರೆದರು, ಅದೇ ಮಕ್ಕಳಿಗೂ ಮುಂದುವರಿಯಿತು. ಇನ್ನು ಕೆಲವರು ಒಕ್ಕದ ಹೆಸರನ್ನೇ ಕೊನೆಗೆ ತಂದರು, ನನಗೆ ಇದೇ ಸರಿ ಅನ್ನಿಸುತ್ತದೆ. -ಅಂಡ, -ಏರ ಅಂತ ಮುಗಿದರೆ ಅದು ಹೆಚ್ಚಾಗಿ ಒಕ್ಕದ್ದು.

ಕೇರಳದಲ್ಲೂ ಹೀಗೇ. ವಿ. ಕೆ. ಕೃಷ್ಣ ಮೆನನ್ ಅವರ 'ವಿ' ವೆಂಗಾಲಿಲ್, ಮನೆಯ ಹೆಸರು. ಆದರೆ ಕೊಡವರ ಒಕ್ಕ ತಂದೆಯ ಕಡೆಯದು, ನಾಯರ್ ಮನೆತನ, ಅಂದರೆ ತರವಾಡು, ತಾಯಿಯ ಕಡೆಯದು. ಅಳಿಯಕಟ್ಟಿನ ತುಳು ಕುಟುಂಬಗಳಲ್ಲೂ ಮಕ್ಕಳು ತಾಯಿಯ ಮನೆಗೇ ಸೇರುತ್ತಿದ್ದರು.