‘ಮೈಸೆಲ್ಫ್’ ಎಂಬ ಅಡಗುದಾಣ

ಅಕ್ಕನ ಮಗ ಕಟ್ಟಡ ಕಾಮಗಾರಿಯ ಎಂಜಿನಿಯರ್. ಕಳೆದ ತಿಂಗಳು ಒಂದು ಸಂಜೆ, ಗ್ರಾಹಕರಿಗೆ ಕಳುಹಿಸಬೇಕಾದ ಇಂಗ್ಲಿಷ್ ಪತ್ರವೊಂದನ್ನು ನನಗೆ ವಾಟ್ಸಾಪ್ ಮಾಡಿ, ‘ಮಾಮ, ಒಂದು ಸಲ ಕಣ್ಣಾಡಿಸಿ’ ಎಂದು ಕೇಳಿದ. ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನಿಗೆ ಇಂಥ ಕೆಲಸಗಳು ತಪ್ಪುವುದಿಲ್ಲ. ಪತ್ರ ಎಂಟು ಸಾಲಿನದು. ಅದರಲ್ಲಿ ‘ಮೈಸೆಲ್ಫ್’ ಮೂರು ಕಡೆ ಇತ್ತು. ಮೊದಲ ಸಾಲು ‘ಮೈಸೆಲ್ಫ್ ಅಂಡ್ ಮೈ ಕಲೀಗ್ ವಿಸಿಟೆಡ್ ಯುವರ್ ಸೈಟ್ ಆನ್ ಟ್ಯೂಸ್‌ಡೇ’ ಎಂದಿತ್ತು. ನಡುವೆ ‘ಐ ಮೈಸೆಲ್ಫ್ ಚೆಕ್ಡ್ ದ ಲೆವೆಲ್ಸ್’ ಎಂದಿತ್ತು. ಕೊನೆಯಲ್ಲಿ, ನಕ್ಷೆಗಳನ್ನು ಯಾರಿಗೆ ಕಳುಹಿಸಬೇಕೆಂದು ಹೇಳುವ ಕಡೆ, ‘ಪ್ಲೀಸ್ ಸೆಂಡ್ ದ ಡ್ರಾಯಿಂಗ್ಸ್ ಟು ಮೈ ಕಲೀಗ್ ಅಂಡ್ ಮೈಸೆಲ್ಫ್’ ಎಂದಿತ್ತು.

ಮೊದಲನೆಯದು ತಪ್ಪು ಎಂದಷ್ಟೇ ಹೇಳಿ ನಾನು ಊಟಕ್ಕೆ ಎದ್ದೆ. ಹಿಂತಿರುಗಿ ನೋಡಿದರೆ ಅವನು ತಿದ್ದಿ ಕಳುಹಿಸಿದ ಪ್ರತಿಯಲ್ಲಿ ಮೊದಲನೆಯದು ಹಾಗೆಯೇ ಉಳಿದಿತ್ತು, ಮೂರನೆಯದೂ ಉಳಿದಿತ್ತು, ಸರಿಯಾಗಿದ್ದ ಎರಡನೆಯದು ಮಾತ್ರ ಮಾಯವಾಗಿತ್ತು. ‘ಐ, ಮೈಸೆಲ್ಫ್ ಎರಡೂ ಒಟ್ಟಿಗೆ ಯಾಕೆ ಅಂತ ಒಂದನ್ನು ತೆಗೆದೆ’ ಎಂದ. ಈ ಬರಹಕ್ಕೆ ಕಾರಣವಾದದ್ದು ಅವನ ಆ ತಿದ್ದುಪಡಿಯೇ. ಮೈಸೆಲ್ಫ್ ಎಂದರೆ ‘ನಾನು’ ಎಂಬುದರ ಇನ್ನೊಂದು, ಸ್ವಲ್ಪ ಗಂಭೀರವಾದ ರೂಪ ಎಂಬ ನಂಬಿಕೆ ಅವನೊಬ್ಬನದಲ್ಲ.

ಆ ಪದಕ್ಕೆ ಇಂಗ್ಲಿಷಿನಲ್ಲಿ ನಿಜವಾಗಿ ಇರುವ ಕೆಲಸಗಳನ್ನು ಕನ್ನಡದ ಕಡೆಯಿಂದ ನೋಡಿದರೆ ಬೇಗ ತಿಳಿಯುತ್ತದೆ. ‘ಐ ಕಟ್ ಮೈಸೆಲ್ಫ್’ ಎಂಬುದನ್ನು ನಾವು ‘ಕೈ ಕೊಯ್ದುಕೊಂಡೆ’ ಎನ್ನುತ್ತೇವೆ. ಅಲ್ಲಿ ಮೈಸೆಲ್ಫ್ ಮಾಡುವ ಕೆಲಸವನ್ನು ನಮ್ಮಲ್ಲಿ ಸರ್ವನಾಮ ಮಾಡುವುದಿಲ್ಲ, ಕ್ರಿಯಾಪದಕ್ಕೆ ಅಂಟಿದ ‘ಕೊಳ್ಳು’ ಮಾಡುತ್ತದೆ. ‘ಐ ಮೈಸೆಲ್ಫ್ ಚೆಕ್ಡ್’ ಎಂಬುದು ‘ನಾನೇ ನೋಡಿದೆ’ ಎಂದಾಗುತ್ತದೆ. ಅಲ್ಲಿ ‘ಏ’ ಎಂಬ ಒಂದು ಸ್ವರ ಸಾಕು. ‘ಬೈ ಮೈಸೆಲ್ಫ್’ ಎಂದರೆ ‘ನಾನೊಬ್ಬನೇ’. ಈ ಮೂರರಲ್ಲಿಯೂ ವಾಕ್ಯದಲ್ಲಿ ‘ಐ’ ಎಂಬ ಯಜಮಾನ ಕಣ್ಣಿಗೆ ಕಾಣುವಂತೆ ಕುಳಿತಿರುತ್ತಾನೆ. ಮೈಸೆಲ್ಫ್ ಅವನ ಕಡೆಗೆ ಬೆರಳು ತೋರಿಸುವ ಪದ. ಯಜಮಾನನನ್ನೇ ಎಬ್ಬಿಸಿ ಕಳುಹಿಸಿ, ಬೆರಳು ತೋರಿಸುವವನನ್ನು ಅವನ ಕುರ್ಚಿಯಲ್ಲಿ ಕೂರಿಸಿದರೆ ‘ಮೈಸೆಲ್ಫ್ ಅಂಡ್ ಮೈ ಕಲೀಗ್ ವಿಸಿಟೆಡ್’ ಎಂಬ ವಾಕ್ಯ ಹುಟ್ಟುತ್ತದೆ. ನನ್ನ ಅಕ್ಕನ ಮಗ ಮಾಡಿದ್ದೂ ಅದನ್ನೇ: ಯಜಮಾನ ಇದ್ದ ಒಂದೇ ಒಂದು ಕಡೆಯಿಂದ ಮೈಸೆಲ್ಫ್ ಅನ್ನು ಕಿತ್ತು, ಯಜಮಾನ ಇಲ್ಲದ ಎರಡು ಕಡೆ ಬಿಟ್ಟಿದ್ದ.

ಇಂಥ ವಾಕ್ಯ ಕಂಡೊಡನೆ ‘ಇದು ಕನ್ನಡದಿಂದ ನೇರವಾಗಿ ಇಳಿಸಿದ ಇಂಗ್ಲಿಷ್’ ಎಂದು ತೀರ್ಪು ಕೊಡುವವರು ಬಹಳ ಮಂದಿ ಇದ್ದಾರೆ. ನನ್ನ ಸಹೋದ್ಯೋಗಿಗಳೇ ಸ್ಟಾಫ್ ರೂಮಿನಲ್ಲಿ ಹಾಗೆ ಹೇಳಿ ನಗುತ್ತಿದ್ದರು. ಇದನ್ನು ನಾನು ಒಪ್ಪುವುದಿಲ್ಲ. ‘ನಾನೂ ನನ್ನ ಗೆಳೆಯನೂ ಮಾರ್ಕೆಟ್‌ಗೆ ಹೋದೆವು’ ಎಂಬ ಕನ್ನಡ ವಾಕ್ಯದಲ್ಲಿ ಮೈಸೆಲ್ಫ್‌ಗೆ ಸಮನಾದ ಪದ ಎಲ್ಲಿದೆ? ಉತ್ತಮ ಪುರುಷದಲ್ಲಿ ಕನ್ನಡಕ್ಕೆ ಅಂಥ ಬೇರೆ ಪದವೇ ಇಲ್ಲ. ‘ನನ್ನನ್ನು ನಾನು ಕನ್ನಡಿಯಲ್ಲಿ ನೋಡಿಕೊಂಡೆ’ ಎಂದು ‘ನಾನು’ವನ್ನೇ ಎರಡು ಸಲ ಬಳಸಿ ಮುಗಿಸುತ್ತೇವೆ. ಆತ್ಮಾರ್ಥಕವೆಂದು ನಮಗಿರುವ ‘ತಾನು’ ಪ್ರಥಮ ಪುರುಷಕ್ಕೆ ಸೇರಿದ್ದು.

ಕುತೂಹಲದ ಸಂಗತಿಯೆಂದರೆ, ಈ ‘ತಾನು’ ಕರ್ತೃವಾಗಿ ಕುಳಿತುಕೊಳ್ಳಬಲ್ಲದು, ಅದೂ ಯಾವ ದೋಷವಿಲ್ಲದೆ. ‘ರಾಜು ತಾನು ನಾಳೆ ಬರುತ್ತೇನೆ ಎಂದ’ ಎಂಬ ವಾಕ್ಯವನ್ನು ನೋಡಿ. ಒಳವಾಕ್ಯದ ಕರ್ತೃ ‘ತಾನು’. ಅದರ ಯಜಮಾನನಾದ ರಾಜು ಹೊರವಾಕ್ಯದಲ್ಲಿದ್ದಾನೆ. ಇದನ್ನೇ ಇಂಗ್ಲಿಷಿನಲ್ಲಿ ‘ರಾಜು ಸೆಡ್ ಹಿಮ್‌ಸೆಲ್ಫ್ ವುಡ್ ಕಮ್’ ಎಂದು ಹೇಳಲು ಬರುವುದಿಲ್ಲ, ‘ಹೀ’ ಎನ್ನಲೇಬೇಕು. ಹಾಗಿದ್ದರೂ, ಯಾರ ಹೆಸರೂ ಬಂದಿಲ್ಲದ ಕಡೆ, ಮೊದಲ ಮಾತಾಗಿಯೇ ‘ತಾನು ಮಾರ್ಕೆಟ್‌ಗೆ ಹೋದ’ ಎಂದರೆ ಕನ್ನಡದ ಕಿವಿಯೂ ‘ಯಾರು?’ ಎಂದು ಕೇಳುತ್ತದೆ. ಯಜಮಾನ ಬೇಕೆಂಬ ನಿಯಮ ಎರಡೂ ಭಾಷೆಗಳಲ್ಲಿದೆ. ಅವನು ಎಷ್ಟು ದೂರದಲ್ಲಿ ಕುಳಿತಿರಬಹುದು ಎಂಬುದರಲ್ಲಿ ಮಾತ್ರ ವ್ಯತ್ಯಾಸ. (ಗೌರವದಿಂದ ಎದುರಿನವರನ್ನು ‘ತಾವು’ ಎನ್ನುತ್ತೇವಲ್ಲ, ಅದೂ ಈ ‘ತಾನು’ವಿನ ಬಹುವಚನವೇ. ಹಿಂದಿಯ ‘ಆಪ್’ ಕೂಡ ಸಂಸ್ಕೃತದ ‘ಆತ್ಮನ್’ನಿಂದ ಬಂದದ್ದು. ಐರ್ಲೆಂಡಿನ ಇಂಗ್ಲಿಷಿನಲ್ಲಿ ಮನೆಯ ಯಜಮಾನನನ್ನು ಬರಿದೆ ‘ಹಿಮ್‌ಸೆಲ್ಫ್’ ಎಂದು ಕರೆಯುವ ರೂಢಿಯಿದೆ; ‘ಹಿಮ್‌ಸೆಲ್ಫ್ ಮನೆಯಲ್ಲಿಲ್ಲ’ ಎಂದರೆ ಅಲ್ಲಿ ಅದು ತಪ್ಪಲ್ಲ. ಸ್ವಂತಕ್ಕೆ ಹುಟ್ಟಿದ ಪದ ದೊಡ್ಡವರಿಗೆ ಸಲ್ಲುವುದು ಎಷ್ಟೋ ಕಡೆ ನಡೆದಿದೆ.)

ಕನ್ನಡ ಕಾರಣವಲ್ಲ ಎಂಬುದಕ್ಕೆ ಇನ್ನೂ ನೇರವಾದ ಸಾಕ್ಷಿಯಿದೆ. ಕನ್ನಡದ ಒಂದಕ್ಷರವನ್ನೂ ಕೇಳಿರದ ಬ್ರಿಟನ್ನಿನವರೂ ಅಮೆರಿಕದವರೂ ಇದೇ ತಪ್ಪನ್ನು ಮಾಡುತ್ತಾರೆ. ಅದರ ಹುಟ್ಟು ಹೀಗೆ. ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳು ಸಹಜವಾಗಿ ‘ಮಿ ಅಂಡ್ ಮೈ ಫ್ರೆಂಡ್ ವೆಂಟ್’ ಎನ್ನುತ್ತಾರೆ. ಶಾಲೆಯಲ್ಲಿ ಮೇಷ್ಟರು ಅದನ್ನು ‘ಮೈ ಫ್ರೆಂಡ್ ಅಂಡ್ ಐ’ ಎಂದು ತಿದ್ದುತ್ತಾರೆ. ಮಗು ಕಲಿಯುವುದು ಕರ್ತೃ ಮತ್ತು ಕರ್ಮದ ಭೇದವನ್ನಲ್ಲ, ‘ಅಂಡ್’ ಇರುವ ಕಡೆ ‘ಮಿ’ ಎಂದರೆ ಬೈಸಿಕೊಳ್ಳಬೇಕಾಗುತ್ತದೆ ಎಂಬುದನ್ನು. ಬೆಳೆದ ಮೇಲೆ ಆ ಹೆದರಿಕೆಯಿಂದ ಕೆಲವರು, ‘ಮಿ’ ಎಂದೇ ಬರಬೇಕಾದ ಕಡೆಯೂ ‘ಬಿಟ್ವೀನ್ ಯು ಅಂಡ್ ಐ’ ಎನ್ನುತ್ತಾರೆ. ಉಳಿದವರು ಇನ್ನೊಂದು ಉಪಾಯ ಕಂಡುಕೊಳ್ಳುತ್ತಾರೆ. ‘ಐ’ ಮತ್ತು ‘ಮಿ’ ಸ್ಥಾನಕ್ಕೆ ತಕ್ಕಂತೆ ಬದಲಾಗುವ ಜೋಡಿ. ತಪ್ಪನ್ನು ಆರಿಸಿದರೆ ಸಿಕ್ಕಿಬೀಳುತ್ತೇವೆ. ಮೈಸೆಲ್ಫ್‌ಗೆ ಅಂಥ ಜೋಡಿಯಿಲ್ಲ, ಎಲ್ಲಿ ಇಟ್ಟರೂ ಅದೇ ರೂಪ. ಆದ್ದರಿಂದ ‘ಐ’ಯೋ ‘ಮಿ’ಯೋ ಎಂದು ನಿರ್ಧರಿಸಲಾಗದವನಿಗೆ ಅದು ಅಡಗಿಕೊಳ್ಳಲು ಒಳ್ಳೆಯ ಜಾಗ. ನಮ್ಮ ಹುಡುಗನ ಪತ್ರದಲ್ಲಿ ಅದು ಕರ್ತೃವಿನ ಜಾಗದಲ್ಲೂ ‘ಟು’ ಆದ ಮೇಲಿನ ಜಾಗದಲ್ಲೂ ಒಂದೇ ನೆಮ್ಮದಿಯಿಂದ ಕುಳಿತಿದ್ದದ್ದು ಇದಕ್ಕೇ.

ಅವನು ಕೊಟ್ಟ ಕಾರಣ ಬೇರೆಯಿತ್ತು. ‘ಐ ಅಂತ ಬರೆದರೆ ನಾನೇ ಎಲ್ಲ ಅನ್ನೋ ಥರ ಕಾಣುತ್ತೆ ಮಾಮ, ಮೈಸೆಲ್ಫ್ ಅಂದರೆ ಸ್ವಲ್ಪ ಮರ್ಯಾದೆ.’ ಇಲ್ಲಿ ಮಾತ್ರ ನಮ್ಮ ನುಡಿಯ ಸಂಸ್ಕಾರ ಇಣುಕುತ್ತದೆ ಎಂದು ನಾನೂ ಒಪ್ಪುತ್ತೇನೆ. ಅರ್ಜಿಗಳಲ್ಲಿ ‘ನಾನು’ ಎನ್ನಲು ಹಿಂಜರಿದು ‘ಈ ಕೆಳಗೆ ಸಹಿ ಮಾಡಿರುವ’ ಎಂದು ಆರಂಭಿಸುವವರು ನಾವು. ಆದರೆ ಇಂಗ್ಲಿಷ್ ಓದುಗನಿಗೆ ‘ಐ’ ಬಡಾಯಿಯಾಗಿ ಕೇಳುವುದಿಲ್ಲ. ಆ ಭಾಷೆಯಲ್ಲಿ ವಿನಯವನ್ನು ತೋರಿಸುವುದು ಪದಗಳ ಅನುಕ್ರಮದಲ್ಲಿ: ಜೊತೆಯವರನ್ನು ಮೊದಲು ಹೆಸರಿಸಿ ತನ್ನನ್ನು ಕೊನೆಗಿಡುವುದು ಅಲ್ಲಿಯ ರೂಢಿ. ಕನ್ನಡದಲ್ಲಿ ‘ನಾನೂ ನನ್ನ ಗೆಳೆಯನೂ’ ಎಂದು ತನ್ನಿಂದಲೇ ಆರಂಭಿಸುವುದು ಸಹಜ, ಅದರಲ್ಲಿ ಅಹಂಕಾರವೇನಿಲ್ಲ. ‘ಮೈಸೆಲ್ಫ್ ಅಂಡ್ ಮೈ ಫ್ರೆಂಡ್’ ಎಂಬುದರಲ್ಲಿ ಕನ್ನಡದ ಪಾಲು ಎಂದು ನನಗೆ ತೋರುವುದು ಆ ಅನುಕ್ರಮ ಮತ್ತು ಈ ಸಂಕೋಚ, ಅಷ್ಟೇ.

ಈ ತಪ್ಪು ಬೇಗ ಸಿಕ್ಕಿಬೀಳದಿರುವುದಕ್ಕೆ ಭೂತಕಾಲವೂ ಒಂದು ಕಾರಣ. ‘ಹೋದೆ, ಹೋದ, ಹೋದೆವು’ ಎಂದು ಕನ್ನಡದ ಕ್ರಿಯಾಪದ ಕರ್ತೃವಿನ ಗುರುತನ್ನು ಹೊತ್ತುಕೊಂಡೇ ಬರುತ್ತದೆ. ಇಂಗ್ಲಿಷಿನ ‘ವೆಂಟ್’ ಯಾರಿಗಾದರೂ ಒಂದೇ, ಹಾಗಾಗಿ ಅದರ ಪಕ್ಕದಲ್ಲಿ ಯಾರು ಕುಳಿತರೂ ಅದು ತಕರಾರು ತೆಗೆಯುವುದಿಲ್ಲ. ವಾಕ್ಯವನ್ನು ವರ್ತಮಾನಕ್ಕೆ ತಿರುಗಿಸಿ, ಜೊತೆಯವನನ್ನು ಹೊರಗೆ ಕಳುಹಿಸಿ ನೋಡಿದರೆ ಬಣ್ಣ ಬಯಲಾಗುತ್ತದೆ. ‘ಮೈಸೆಲ್ಫ್ ಆಮ್ ಗೋಯಿಂಗ್’ ಎನ್ನಬೇಕೋ ‘ಮೈಸೆಲ್ಫ್ ಈಸ್ ಗೋಯಿಂಗ್’ ಎನ್ನಬೇಕೋ? ಎರಡೂ ನಾಲಿಗೆಗೆ ಒಗ್ಗುವುದಿಲ್ಲ. ಜೊತೆಯವನನ್ನು ತೆಗೆದು ಓದುವ ಈ ಪರೀಕ್ಷೆಯಿಂದಲೇ ಪತ್ರದ ಎರಡೂ ಕಡೆಗಳನ್ನು ತಿದ್ದಿದೆವು. ಒಬ್ಬನೇ ಹೋಗಿದ್ದರೆ ‘ಐ ವಿಸಿಟೆಡ್’ ಎನ್ನುತ್ತಿದ್ದೆ, ಆದ್ದರಿಂದ ‘ಮೈ ಕಲೀಗ್ ಅಂಡ್ ಐ ವಿಸಿಟೆಡ್’. ಒಬ್ಬನಿಗೇ ಕಳುಹಿಸುವುದಾದರೆ ‘ಸೆಂಡ್ ಟು ಮಿ’ ಎನ್ನುತ್ತಿದ್ದೆ, ಆದ್ದರಿಂದ ‘ಟು ಮೈ ಕಲೀಗ್ ಅಂಡ್ ಮಿ’. ಕೊನೆಯದನ್ನು ಅವನು ಒಲ್ಲದ ಮನಸ್ಸಿನಿಂದ ಬರೆದ. ವಾಕ್ಯದ ತುದಿಯಲ್ಲಿ ‘ಮಿ’ ಬಡವಾಗಿ ಕಾಣುತ್ತದೆಯಂತೆ.

ನಮ್ಮ ಕಾಲೇಜಿನಲ್ಲಿ ನಾನು ಮೊದಲು ಬೇರೊಂದು ಸೂತ್ರ ಹೇಳಿಕೊಡುತ್ತಿದ್ದೆ: ಕನ್ನಡದಲ್ಲಿ ಯೋಚಿಸಿ, ‘ನಾನು’ ಬಂದರೆ ‘ಐ’, ‘ನನ್ನನ್ನು’ ಅಥವಾ ‘ನನಗೆ’ ಬಂದರೆ ‘ಮಿ’ ಎಂದು. ಒಬ್ಬ ಹುಡುಗಿ ‘ನನಗೂ ಗೆಳತಿಗೂ ಹಸಿವಾಗಿತ್ತು’ ಎಂಬುದನ್ನು ಇಂಗ್ಲಿಷಿಗೆ ತರಲು ಹೋದ ದಿನ ಆ ಸೂತ್ರ ಮುರಿದುಬಿತ್ತು. ಹಸಿವು, ನೆನಪು, ಇಷ್ಟ, ಜ್ವರ ಇವೆಲ್ಲ ಕನ್ನಡದಲ್ಲಿ ‘ನನಗೆ’ ಆಗುವಂಥವು. ಇಂಗ್ಲಿಷಿನಲ್ಲಿ ಅವುಗಳಿಗೂ ಸಾಮಾನ್ಯವಾಗಿ ‘ಐ’ಯೇ ಕರ್ತೃ. ಅಂದಿನಿಂದ ಜೊತೆಯವರನ್ನು ತೆಗೆದು ಓದುವ ಪರೀಕ್ಷೆಯೊಂದನ್ನೇ ಉಳಿಸಿಕೊಂಡೆ.

ಕರ್ತೃವಿನ ಜಾಗದಲ್ಲಿ ಮೈಸೆಲ್ಫ್ ಎಂದೂ ಬಂದೇ ಇಲ್ಲ ಎಂದೂ ಹೇಳುವಂತಿಲ್ಲ. ಎಡ್ವರ್ಡ್ ಫಿಟ್ಜೆರಾಲ್ಡ್ 1859ರಲ್ಲಿ ಉಮರ್ ಖಯ್ಯಾಮನ ರುಬಾಯಿಗಳನ್ನು ಇಂಗ್ಲಿಷಿಗೆ ತಂದಾಗ ಒಂದು ಪದ್ಯವನ್ನು ಆ ಪದದಿಂದಲೇ ಆರಂಭಿಸಿದ, ಅದೂ ಕರ್ತೃವಾಗಿ. ಅದು ಪದ್ಯ, ನಕ್ಷೆ ಕೇಳುವ ಪತ್ರಕ್ಕೆ ಆ ಸ್ವಾತಂತ್ರ್ಯ ಹೊಂದುವುದಿಲ್ಲ. ‘ಪೀಪಲ್ ಲೈಕ್ ಮೈಸೆಲ್ಫ್’ ಎಂಬ ಬಳಕೆಯನ್ನು ಒಳ್ಳೆಯ ಬರಹಗಾರರೂ ಮಾಡುತ್ತಾರೆ, ಅದನ್ನು ನಾನು ತಿದ್ದಲು ಹೋಗುವುದಿಲ್ಲ.

ಎಲ್ಲ ಮುಗಿಯಿತೆಂದುಕೊಂಡಾಗ ಅವನು, ‘ಹಾಗಾದರೆ ಮೀಟಿಂಗ್‌ನಲ್ಲಿ ಪರಿಚಯ ಹೇಳುವಾಗ ಮೈಸೆಲ್ಫ್ ಅಂತ ಹೇಳಿ ಹೆಸರು ಹೇಳುತ್ತೀವಲ್ಲ, ಅದೂ ತಪ್ಪಾ?’ ಎಂದು ಕೇಳಿದ. ಅದು ಬೇರೆಯೇ ಜಾತಿಯ ತಪ್ಪು, ನಮ್ಮ ದೇಶದಲ್ಲೇ ಹೆಚ್ಚು ಬೆಳೆದದ್ದು. ‘ನಾನು ರಮೇಶ’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದ ಬೇಕಿಲ್ಲ, ಅದರ ಮೇಲೆಯೇ ‘ಮೈಸೆಲ್ಫ್ ರಮೇಶ್’ ನಿಂತಿದೆ. ‘ಐ ರಮೇಶ್’ ಎಂದರೆ ಮುರಿದಂತೆ ಕೇಳುವುದರಿಂದ, ಸ್ವಲ್ಪ ಉದ್ದವಾದ, ಒಂಟಿಯಾಗಿ ನಿಲ್ಲಬಲ್ಲಂತೆ ತೋರುವ ಪದವನ್ನು ಹಾಕಿಕೊಂಡಿದ್ದೇವೆ ಎಂಬುದು ನನ್ನ ಊಹೆ. ಎದುರಿಗಿದ್ದರೆ ‘ಐ ಆಮ್’ ಎಂದು ಹೆಸರು ಹೇಳು, ಫೋನಿನಲ್ಲಾದರೆ ‘ದಿಸ್ ಈಸ್’ ಎನ್ನು ಎಂದೆ. ಎರಡು ದಿನ ಬಿಟ್ಟು ಅವನ ಫೋನ್ ಬಂತು. ಎತ್ತಿದೊಡನೆ ‘ದಿಸ್ ಈಸ್’ ಎಂದು ಆರಂಭಿಸಿ, ಹೆಸರು ಹೇಳುವ ಮೊದಲೇ ನಕ್ಕು, ‘ಮಾಮ, ನಾನೇ’ ಎಂದ.