ಕ್ಯಾಮೆರಾ ತಡವಾಗಿ ತಿರುಗಬೇಕು

ದೆವ್ವದ ಸಿನಿಮಾಗಳಲ್ಲಿ ಎಲ್ಲರಿಗಿಂತ ಹೆಚ್ಚು ಸಮಯಪಾಲನೆ ಮಾಡುವುದು ಕ್ಯಾಮೆರಾ. ಬಾಗಿಲು ಕಿರ್ರೆನ್ನುವ ಮೊದಲೇ ಅದು ಬಾಗಿಲ ಎದುರು ಬಂದು ನಿಂತಿರುತ್ತದೆ. ಕನ್ನಡಿಯಲ್ಲಿ ಯಾರೋ ಕಾಣಿಸಿಕೊಳ್ಳಬೇಕಿದ್ದರೆ, ಅವರಿಗೆಂದು ಕನ್ನಡಿಯ ಅರ್ಧ ಜಾಗ ಖಾಲಿ ಬಿಟ್ಟು ಫ್ರೇಮ್ ಇಟ್ಟುಕೊಂಡು ಕಾಯುತ್ತಿರುತ್ತದೆ. ಆ ಖಾಲಿ ಜಾಗ ಕಂಡ ಕೂಡಲೇ ನೋಡುವವರೂ 'ಬಂತು ನೋಡು' ಎಂದು ಪಕ್ಕದವರ ತೋಳು ಹಿಡಿದುಕೊಳ್ಳುತ್ತಾರೆ. ಹೆದರಿಕೆ ಆಗುವುದಿಲ್ಲವೆಂದಲ್ಲ. ಆದರೆ ಮುಂದೇನಾಗುತ್ತದೆ ಎಂದು ಬಲ್ಲವರು ಯಾರೋ ಇಲ್ಲಿದ್ದಾರೆ, ಅವರು ನಮ್ಮನ್ನು ಕೈಹಿಡಿದು ಕರೆದೊಯ್ಯುತ್ತಿದ್ದಾರೆ ಎಂಬ ನೆಮ್ಮದಿಯೂ ಜೊತೆಗೇ ಇರುತ್ತದೆ.

ಫೌಂಡ್ ಫೂಟೇಜ್ ಎಂಬ ಬಗೆಯ ಭಯದ ಚಿತ್ರಗಳು ಮೊದಲು ಕಿತ್ತುಕೊಳ್ಳುವುದು ಈ ನೆಮ್ಮದಿಯನ್ನು. ಯಾರೋ ತಮ್ಮ ಪಾಡಿಗೆ ತೆಗೆದುಕೊಂಡಿದ್ದ ವಿಡಿಯೋ, ಅವರು ಕಾಣೆಯಾದ ಮೇಲೆ ಸಿಕ್ಕಿತು ಎಂಬುದು ಇಲ್ಲಿನ ನೆಪ. ಕ್ಯಾಮೆರಾ ಅಲುಗಾಡುತ್ತದೆ, ಅದಕ್ಕೇ ನಿಜವೆನಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅಲುಗಾಟವೊಂದೇ ಸಾಕಾಗಿದ್ದರೆ ಕ್ಯಾಮೆರಾವನ್ನು ಕೋತಿಯ ಕೈಗೆ ಕೊಟ್ಟರೆ ಮುಗಿದಿತ್ತು. ನಂಬಿಸುವುದು ಕ್ಯಾಮೆರಾದ ಅಜ್ಞಾನ. ಹಿಡಿದವರಿಗೆ ಎಷ್ಟು ಗೊತ್ತೋ ಅದಕ್ಕೂ ಅಷ್ಟೇ ಗೊತ್ತಿರಬೇಕು, ಅದೂ ಒಂದಿಷ್ಟು ತಡವಾಗಿ.

ಒಂದು ಸಣ್ಣ ದೃಶ್ಯ ಇಟ್ಟುಕೊಂಡು ನೋಡೋಣ. ರಾತ್ರಿ, ಉದ್ದನೆಯ ಪಡಸಾಲೆ. ಒಬ್ಬಳು ಚಿಕ್ಕ ವಿಡಿಯೋ ಕ್ಯಾಮೆರಾ ಹಿಡಿದು ನಡೆಯುತ್ತಿದ್ದಾಳೆ, ಅದರ ಮೇಲೊಂದು ಪುಟ್ಟ ದೀಪ. ಎಡಗಡೆಯ ಬಾಗಿಲು ತಾನಾಗಿ ತೆರೆದುಕೊಳ್ಳಬೇಕು. ಮಾಮೂಲಿ ಚಿತ್ರದಲ್ಲಿ ಮೊದಲು ಬಾಗಿಲು ತೋರಿಸಿ, ಆಮೇಲೆ ಚಿಲಕದ ಸದ್ದು ಕೇಳಿಸುತ್ತಾರೆ. ಇಲ್ಲಿ ಸದ್ದು ಮೊದಲು ಬರಬೇಕು, ಅದೂ ಕ್ಯಾಮೆರಾ ನೆಲವನ್ನೋ ಎದುರಿನ ಗೋಡೆಯನ್ನೋ ನೋಡುತ್ತಿರುವಾಗ. ಬೆಚ್ಚಿಬಿದ್ದವರ ಕೈ ಅಲುಗಲು ಕಾಲು ಸೆಕೆಂಡಾದರೂ ಬೇಕು. ಮೊದಲು ತಿರುಗುವುದು ತಲೆ, ಕೈ ಆಮೇಲೆ. ಹಾಗೆ ತಿರುಗಿದ ಕ್ಯಾಮೆರಾ ಗುರಿಯಲ್ಲಿ ಸರಿಯಾಗಿ ನಿಲ್ಲುವುದಿಲ್ಲ. ಬಾಗಿಲನ್ನು ದಾಟಿ ಅತ್ತ ಹೋಗಿ, ಹಿಂದಕ್ಕೆ ಬರುತ್ತದೆ. ದೀಪ ಹತ್ತಿರದ ಬಾಗಿಲಿಗೆ ರಾಚಿದ್ದರಿಂದ ಚಿತ್ರ ಒಮ್ಮೆ ಬೆಳ್ಳಗಾಗಿ, ತಾನೇ ಸರಿಪಡಿಸಿಕೊಂಡು ಕಪ್ಪಾಗುತ್ತದೆ. ಇನ್ನು ಫೋಕಸ್. ಆಟೋ ಫೋಕಸ್ ಚಿತ್ರದೊಳಗಿನ ಗೆರೆ, ಅಂಚುಗಳನ್ನು ಹುಡುಕಿ ಲೆನ್ಸನ್ನು ಹಿಂದೆ ಮುಂದೆ ಮಾಡುತ್ತದೆ. ಕತ್ತಲಲ್ಲಿ ಹಿಡಿದುಕೊಳ್ಳಲು ಅಂಚೇ ಸಿಗುವುದಿಲ್ಲ, ಹಾಗಾಗಿ ಒಂದೆರಡು ಸೆಕೆಂಡು ಎಲ್ಲವೂ ಮಂಜು. ಅದು ಸ್ಪಷ್ಟವಾಗುವ ಹೊತ್ತಿಗೆ ಬಾಗಿಲು ಆಗಲೇ ತೆರೆದು ನಿಂತಿದೆ. ತೆರೆದುಕೊಂಡದ್ದನ್ನು ನಾವು ನೋಡಲೇ ಇಲ್ಲ. ನಡುವಿನ ಆ ಎರಡು ಸೆಕೆಂಡುಗಳನ್ನು ನೋಡುವವರು ತಮ್ಮ ಕೈಯಿಂದ ತುಂಬಿಕೊಳ್ಳುತ್ತಾರೆ, ಮತ್ತು ಯಾವ ಗ್ರಾಫಿಕ್ಸ್ ತಂಡವೂ ಅಷ್ಟು ಅಗ್ಗಕ್ಕೆ ಅಷ್ಟು ಚೆನ್ನಾಗಿ ಕೆಲಸ ಮಾಡಿಕೊಡುವುದಿಲ್ಲ.

ಇದೇ ದೃಶ್ಯ ಕೆಡುವುದು ಎಲ್ಲಿ? ಕ್ಯಾಮೆರಾ ಗಡಗಡ ನಡುಗುತ್ತಿರುತ್ತದೆ, ಆದರೆ ದೆವ್ವ ಮಾತ್ರ ಪ್ರತಿ ಸಲವೂ ಫ್ರೇಮಿನ ನಟ್ಟನಡುವೆ, ಫೋಕಸ್ಸಿನಲ್ಲಿ. ಕೈ ಹೆದರಿದೆ, ಕಣ್ಣು ಹೆದರಿಲ್ಲ ಎಂದಾಯಿತು. ಇನ್ನೊಂದು ತಪ್ಪು, ಟ್ರೈಪಾಡಿನ ಮೇಲೆ ನೆಮ್ಮದಿಯಾಗಿ ತೆಗೆದ ಚಿತ್ರಕ್ಕೆ ಎಡಿಟಿಂಗ್‌ನಲ್ಲಿ ಅಲುಗಾಟ ಬೆರೆಸುವುದು. ಕೈಯಲ್ಲಿ ಹಿಡಿದ ಕ್ಯಾಮೆರಾ ಸರಿದಾಡಿದಾಗ ಹತ್ತಿರದ ಕಂಬ ಜಾಸ್ತಿ ಸರಿಯುತ್ತದೆ, ದೂರದ ಗೋಡೆ ಕಡಿಮೆ. ಎಡಿಟಿಂಗ್‌ನ ಅಲುಗಾಟದಲ್ಲಿ ಕಂಬ, ಗೋಡೆ ಎರಡೂ ಒಂದೇ ಹಾಳೆಗೆ ಅಂಟಿಸಿದಂತೆ ಒಟ್ಟಿಗೇ ಕುಣಿಯುತ್ತವೆ. ವೇಗದ ತಿರುವಿನಲ್ಲಿ ಚಿತ್ರ ಮಸುಕಾಗಬೇಕಿತ್ತು. ಅದೂ ಆಗದೆ ಅಂಚುಗಳು ಚೂಪಾಗಿಯೇ ಉಳಿಯುತ್ತವೆ. ನೋಡುವವರಿಗೆ ಕಾರಣ ಹೇಳಲು ಬಾರದಿರಬಹುದು, 'ಯಾಕೋ ಸರಿಯಿಲ್ಲ' ಎಂದಂತೂ ತಿಳಿದುಬಿಡುತ್ತದೆ.

ಅಲುಗಾಟದಲ್ಲೂ ಬಗೆಗಳಿವೆ. ನಡೆಯುವಾಗ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆಯ ಲೆಕ್ಕದಲ್ಲಿ ಚಿತ್ರ ಏರಿಳಿಯುತ್ತದೆ. ನಿಂತಿದ್ದರೆ ಉಸಿರಿನ ನಿಧಾನ ತೂಗು, ಅದರ ಮೇಲೆ ಬೆರಳಿನ ಸಣ್ಣ ಕಂಪನ. ಐದು ಪಟ್ಟು ಝೂಮ್ ಮಾಡಿದರೆ ಅದೇ ಕಂಪನ ಐದು ಪಟ್ಟು ಕಾಣಬೇಕು. ಓಡುವವರಂತೂ ವ್ಯೂಫೈಂಡರಿನಲ್ಲಿ ಕಣ್ಣಿಟ್ಟುಕೊಂಡು ಓಡುವುದಿಲ್ಲ. ಕೈ ಕೆಳಗಿಳಿದು, ಲೆನ್ಸಿಗೆ ಕಾಣುವುದು ನೆಲ, ಬೂಟು, ಒಣಗಿದ ಎಲೆ. ಹಿಂದೆ ಅಟ್ಟಿಸಿಕೊಂಡು ಬರುವ ಪ್ರಾಣಿಯನ್ನು ಓಡುತ್ತಲೇ ಅಂದವಾಗಿ ಸೆರೆಹಿಡಿಯುವವರು ಸಾಯಲು ಲಾಯಕ್ಕಿಲ್ಲ, ಅವರಿಗೆ ಛಾಯಾಗ್ರಹಣದ ಪ್ರಶಸ್ತಿ ಕೊಟ್ಟು ಕಳಿಸಬೇಕು.

ಇದನ್ನೆಲ್ಲ ನಟನೆಯಿಂದ ಸಾಧಿಸುವುದು ಕಷ್ಟ. ಆದ್ದರಿಂದಲೇ 1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಚಿತ್ರದ ನಿರ್ದೇಶಕರಾದ ಡೇನಿಯಲ್ ಮಿರಿಕ್ ಮತ್ತು ಎಡ್ವಾರ್ಡೊ ಸಾಂಚೆಜ್ ಕ್ಯಾಮೆರಾಗಳನ್ನು ನಟರ ಕೈಗೇ ಕೊಟ್ಟರು. 1997ರ ಅಕ್ಟೋಬರಿನಲ್ಲಿ ಅಮೆರಿಕದ ಮೇರಿಲ್ಯಾಂಡಿನ ಕಾಡಿನಲ್ಲಿ ಸುಮಾರು ಎಂಟು ದಿನ ಚಿತ್ರೀಕರಣ. ಎಲ್ಲಿಗೆ ಹೋಗಬೇಕೆಂದು ಜಿಪಿಎಸ್ ಹೇಳುತ್ತಿತ್ತು, ಏನು ಮಾಡಬೇಕೆಂದು ಚೀಟಿಗಳು ಹೇಳುತ್ತಿದ್ದವು. ಮಾಟಗಾತಿಯನ್ನು ಹುಡುಕಿ ಕಾಡಿಗೆ ಹೋದವರ ಪಾತ್ರ ಮಾಡಿದ ಮೂವರು ನಟರಿಗೂ ಬೇರೆ ಬೇರೆ ಚೀಟಿ. ಇನ್ನೊಬ್ಬರಿಗೆ ಏನು ಬರೆದಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. ರಾತ್ರಿ ನಿರ್ದೇಶಕರ ತಂಡವೇ ಡೇರೆಯ ಸುತ್ತ ಸದ್ದು ಮಾಡುತ್ತಿತ್ತು. ಹಾಗಾಗಿ ಕ್ಯಾಮೆರಾ ತಡವಾಗಿ ತಿರುಗಿತು, ತಪ್ಪು ಕಡೆಗೆ ತಿರುಗಿತು, ಎಷ್ಟೋ ಸಲ ಕತ್ತಲನ್ನು ಬಿಟ್ಟು ಬೇರೇನನ್ನೂ ಹಿಡಿಯಲಿಲ್ಲ. ಆ ಕತ್ತಲೆಯನ್ನು ಕತ್ತರಿಸಿ ಎಸೆಯದೆ ಉಳಿಸಿಕೊಂಡದ್ದು ಅವರ ಜಾಣತನ.

ಅದರ ಕೊನೆಯ ನಿಮಿಷಗಳಲ್ಲಿ ಕಿವಿಗೊಟ್ಟು ಕೇಳಬೇಕಾದ ಒಂದು ಸೂಕ್ಷ್ಮವಿದೆ. ಕಾಡಿಗೆ ಹೋದ ಆ ಮೂವರ ಬಳಿ ಇದ್ದದ್ದು ಎರಡು ಕ್ಯಾಮೆರಾ: ಶಬ್ದವನ್ನೂ ಹಿಡಿಯುವ ಬಣ್ಣದ ಹೈ-8 ವಿಡಿಯೋ, ಶಬ್ದ ಹಿಡಿಯದ ಕಪ್ಪು-ಬಿಳುಪಿನ 16 ಎಂಎಂ ಫಿಲಂ. ಪಾಳುಮನೆಯೊಳಗೆ ಅವರಲ್ಲೊಬ್ಬನಾದ ಮೈಕ್ ಎಂಬವನು ವಿಡಿಯೋ ಕ್ಯಾಮೆರಾ ಹಿಡಿದು ನೆಲಮಾಳಿಗೆಗೆ ಓಡುತ್ತಾನೆ, ಅಲ್ಲಿ ಕ್ಯಾಮೆರಾ ಬಿದ್ದುಹೋಗುತ್ತದೆ. ಆಮೇಲೆ ನಾವು ನೋಡುವುದು ಅವನ ಜೊತೆಗಾರ್ತಿ ಹೀದರ್ ಕೈಯಲ್ಲಿರುವ ಫಿಲಂ ಕ್ಯಾಮೆರಾದ ಚಿತ್ರ, ಕೇಳುವುದು ಮಾತ್ರ ಕೆಳಗೆ ಬಿದ್ದಿರುವ ವಿಡಿಯೋದ ಶಬ್ದ. ಅವಳ ಕಣ್ಣಿನಿಂದ ನೋಡುತ್ತಿದ್ದೇವೆ, ಅವಳ ಚೀರಾಟ ಮಾತ್ರ ಎಲ್ಲೋ ದೂರದಿಂದ ಕೇಳಿ, ಅವಳು ಮೆಟ್ಟಿಲಿಳಿದಂತೆ ಹತ್ತಿರವಾಗುತ್ತಾ ಬರುತ್ತದೆ. ಸ್ವಂತ ಕಿರುಚಾಟ ದೂರದಿಂದ ಕೇಳಿಸುವ ಈ ವಿಚಿತ್ರಕ್ಕೆ ಸಿನಿಮಾ ಎಲ್ಲೂ ಕಾರಣ ಕೊಡುವುದಿಲ್ಲ. ಕಾರಣ ಹೊಳೆಯದಿದ್ದರೂ ಮೈ ಜುಮ್ಮೆನ್ನುವುದು ನಿಲ್ಲುವುದಿಲ್ಲ.

ಕೊನೆಯ ಚಿತ್ರ ಇನ್ನೂ ಸರಳ. ಮೈಕ್ ನೆಲಮಾಳಿಗೆಯ ಮೂಲೆಗೆ ಮುಖಮಾಡಿ ಸುಮ್ಮನೆ ನಿಂತಿದ್ದಾನೆ. ಕ್ಯಾಮೆರಾ ಬೀಳುತ್ತದೆ. ಮುಗಿಯಿತು. ಮಾಟಗಾತಿ ಕಾಣಲಿಲ್ಲ, ಕೊಂದವರು ಯಾರೆಂದು ತಿಳಿಯಲಿಲ್ಲ. ಚಿತ್ರ ಕೊಂಡ ಕಂಪನಿಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಬೇರೆ ಕೊನೆಗಳನ್ನು ತೆಗೆಸಿ ನೋಡಿತು. ಕಡೆಗೆ ಉಳಿದದ್ದು ಮೊದಲಿನದೇ. ಆದರೆ ಒಂದು ಚಿಕ್ಕ ತುಣುಕು ಸೇರಿತು, ಅದೂ ಚಿತ್ರದ ಆರಂಭದಲ್ಲಿ: ಊರಿನವರೊಬ್ಬರು ಹಳೆಯ ಕೊಲೆಗಾರನೊಬ್ಬನ ಬಗ್ಗೆ ಮಾತಾಡುತ್ತಾ, ಅವನು ಮಕ್ಕಳನ್ನು ಇಬ್ಬಿಬ್ಬರಾಗಿ ಕರೆದೊಯ್ದು, ಒಬ್ಬರನ್ನು ಕೊಲ್ಲುವಾಗ ಇನ್ನೊಬ್ಬರನ್ನು ಮೂಲೆಗೆ ಮುಖಮಾಡಿ ನಿಲ್ಲಿಸುತ್ತಿದ್ದನಂತೆ ಎನ್ನುತ್ತಾರೆ. ಅಷ್ಟೇ. ಒಂದು ಗಂಟೆಗೂ ಹೆಚ್ಚು ಕಾಲ ಆ ಮಾತಿನ ಸುದ್ದಿಯೇ ಇಲ್ಲ.

ವಿವರಣೆ ಇಲ್ಲದಿರುವುದೆಂದರೆ ಇದು. ಬಾಯಿಗೆ ಬಂದಂತೆ ಅಸ್ಪಷ್ಟವಾಗಿರುವುದು ಬೇರೆ, ಸುಳಿವನ್ನು ಮೊದಲೇ ಊರಿನ ಹರಟೆಯೊಳಗೆ ಬಚ್ಚಿಟ್ಟು ಕೊನೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದು ಬೇರೆ. ಮೊದಲನೆಯದರಲ್ಲಿ ನೋಡುವವರು 'ಏನೋ ಒಂದು' ಎಂದು ಎದ್ದುಹೋಗುತ್ತಾರೆ. ಎರಡನೆಯದರಲ್ಲಿ ಆ ಬೆನ್ನು ಕಂಡ ಕ್ಷಣ ತಾವೇ ಲೆಕ್ಕ ಹಾಕುತ್ತಾರೆ: ಇವನು ಮೂಲೆಯಲ್ಲಿದ್ದಾನೆ, ಅಂದರೆ ಅವಳ ಸರದಿ. ಹೇಳಿಸಿಕೊಂಡದ್ದನ್ನು ಅನುಮಾನಿಸಬಹುದು, ತಾನೇ ಹಾಕಿದ ಲೆಕ್ಕವನ್ನು ಅಷ್ಟು ಸುಲಭಕ್ಕೆ ಯಾರೂ ಅನುಮಾನಿಸುವುದಿಲ್ಲ.

ಸುಳಿವನ್ನು ಯಾರ ಬಾಯಲ್ಲಿ ಹೇಳಿಸಬೇಕು ಎಂಬುದಕ್ಕೂ ಲೆಕ್ಕವಿದೆ. ಅಲ್ಲಿರುವವರು ತಮಗೆ ಗೊತ್ತಿರುವುದನ್ನು ಪರಸ್ಪರ ವಿವರಿಸಿಕೊಳ್ಳುವುದಿಲ್ಲ. 'ಐದು ವರ್ಷದ ಹಿಂದೆ ನಮ್ಮ ತಂಗಿ ಇದೇ ಮನೆಯಲ್ಲಿ ಸತ್ತಳಲ್ಲ' ಎಂದು ಅಣ್ಣ ಅಕ್ಕನಿಗೆ ಹೇಳಿದರೆ, ಅವನು ಮಾತಾಡುತ್ತಿರುವುದು ಅಕ್ಕನ ಜೊತೆಗಲ್ಲ, ಟಿಕೆಟ್ ತೆಗೆದುಕೊಂಡವರ ಜೊತೆ. ಹಳೆಯ ಪುಸ್ತಕ ಬಿಡಿಸಿ ಶಾಪದ ಚರಿತ್ರೆ ಓದಿ ಹೇಳುವ ಪ್ರೊಫೆಸರು ಬಂದರೆ ಇನ್ನೂ ಕಷ್ಟ. ಆತ ಬಂದ ಮೇಲೆ ದೆವ್ವಕ್ಕೂ ಪಠ್ಯಕ್ರಮ ಇದೆ ಎಂದಾಗುತ್ತದೆ.

ಅಲುಗಾಟವಿಲ್ಲದೆಯೂ ಇದೆಲ್ಲ ನಡೆಯುತ್ತದೆ ಎನ್ನಲು 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಸಾಕ್ಷಿ. ಓರೆನ್ ಪೆಲಿ ತಮ್ಮ ಸ್ವಂತ ಮನೆಯಲ್ಲೇ ಸುಮಾರು 15,000 ಡಾಲರಿಗೆ ತೆಗೆದ ಈ ಚಿತ್ರದ ಭಯವೆಲ್ಲ ಮಲಗುವ ಕೋಣೆಯಲ್ಲಿ ಟ್ರೈಪಾಡಿನ ಮೇಲೆ ಅಲ್ಲಾಡದೆ ಕೂತ ಕ್ಯಾಮೆರಾದಲ್ಲಿದೆ. ಮೂಲೆಯಲ್ಲಿ ಗಂಟೆ-ನಿಮಿಷ ವೇಗವಾಗಿ ಓಡುತ್ತಿರುತ್ತದೆ. ಆ ಓಟ ಇದ್ದಕ್ಕಿದ್ದಂತೆ ಮಾಮೂಲಿ ವೇಗಕ್ಕೆ ಇಳಿದರೆ ಏನೋ ಆಗಲಿದೆ ಎಂದರ್ಥ, ಎಲ್ಲಿ ಎಂಬುದು ಮಾತ್ರ ಗೊತ್ತಿಲ್ಲ. ಹಾಸಿಗೆಯೋ, ಬಾಗಿಲೋ, ಆಚೆಯ ಕತ್ತಲೋ ಎಂದು ಹುಡುಕುವ ಕೆಲಸ ನಮ್ಮದು. ಕೈಕ್ಯಾಮೆರಾ ತಡವಾಗಿ ತಿರುಗುತ್ತದೆ, ಇದು ತಿರುಗುವುದೇ ಇಲ್ಲ. ಅಜ್ಞಾನ ಎರಡಕ್ಕೂ ಒಂದೇ.

ಅಲುಗಾಟಕ್ಕೆ ಬೆಲೆಯೂ ಇದೆ. ಕಣ್ಣು 'ಓಡುತ್ತಿದ್ದೇವೆ' ಎನ್ನುತ್ತದೆ, ಒಳಗಿವಿ 'ಕೂತಿದ್ದೇವೆ' ಎನ್ನುತ್ತದೆ, ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. 'ಬ್ಲೇರ್ ವಿಚ್' ನೋಡಿ ಕೆಲವರು ಥಿಯೇಟರಿನಿಂದ ಎದ್ದುಹೋದದ್ದು ಮಾಟಗಾತಿಯ ಭಯದಿಂದಲ್ಲ. ಕಾರಣವುಳ್ಳ ವಿರಾಮ ಕೊಟ್ಟರೆ ಇದು ತಗ್ಗುತ್ತದೆ: ಬೀಗ ತೆಗೆಯಲು ಎರಡೂ ಕೈ ಬೇಕಾಗಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರೆ ಕಣ್ಣಿಗೂ ಕೂರಲು ಜಾಗ ಸಿಗುತ್ತದೆ.

ಫೋನುಗಳ ಕಾಲದಲ್ಲಿ ಲೆಕ್ಕ ಮತ್ತೆ ಬದಲಾಗಿದೆ. ಈಗಿನ ಫೋನು ಕೈಯ ನಡುಕವನ್ನು ತಾನೇ ಅಳಿಸಿಹಾಕುತ್ತದೆ, ಹಾಗಾಗಿ ಇಂದಿನ ಕಥೆಯಲ್ಲಿ ಫೋನಿನ ವಿಡಿಯೋ 1997ರ ಹೈ-8ರಂತೆ ಕುಣಿದರೆ ಅದೇ ಸುಳ್ಳು ಎನಿಸುತ್ತದೆ. ಫೋನು ಮಾಡುವ ತಪ್ಪುಗಳೇ ಬೇರೆ. ಕತ್ತಲಲ್ಲಿ ಚಿತ್ರದ ಮೇಲೆ ಮೂಡುವ ಕಾಳುಕಾಳನ್ನು ಉಜ್ಜಿ ತೆಗೆಯಲು ಹೋಗಿ ಮುಖವನ್ನು ಮೇಣದ ಗೊಂಬೆ ಮಾಡುತ್ತದೆ. ಶಟರ್ ನಿಧಾನವಾಗಿರುವುದರಿಂದ, ನಡೆಯುವಾಗ ಫ್ರೇಮ್ ಗಟ್ಟಿಯಾಗಿ ನಿಂತಿದ್ದರೂ ಪ್ರತಿ ಹೆಜ್ಜೆಗೆ ಚಿತ್ರ ಒಮ್ಮೆ ಮಸುಕಾಗಿ ತಿಳಿಯಾಗುತ್ತದೆ, ಅಲುಗದ ಗೋಡೆಯೇ ಉಸಿರಾಡಿದಂತೆ. ನಕಲಿ ನಡುಕ ಬೆರೆಸಲು ಹೊರಟವರು ಆ ಶ್ರಮ ಬಿಟ್ಟು ಕತ್ತಲಲ್ಲಿ ಸುಮ್ಮನೆ ಫೋನು ಹಿಡಿದು ಹತ್ತು ಹೆಜ್ಜೆ ನಡೆದರೆ ಸಾಕು, ಗೋಡೆ ತಾನೇ ನಟಿಸುತ್ತದೆ.