ಡಾಲರಿನಲ್ಲಿ ನಷ್ಟ, ರೂಪಾಯಿಯಲ್ಲಿ ಲಾಭ

ಅಮೆರಿಕದ ಮಾತೃಸಂಸ್ಥೆ ಸಂಬಳದ ಭಾಗವಾಗಿ ಕೊಟ್ಟ ಆರ್‌ಎಸ್‌ಯು ಷೇರುಗಳನ್ನು ಮಾರಿದ ಸಹೋದ್ಯೋಗಿಯೊಬ್ಬರು 2024-25ರ ರಿಟರ್ನ್ ತುಂಬುವಾಗ ಬ್ರೋಕರ್ ಸ್ಟೇಟ್‌ಮೆಂಟ್ ತೋರಿಸಿ, "ಇದರಲ್ಲಿ 250 ಡಾಲರ್ ನಷ್ಟವಾಗಿದೆ, ತೆರಿಗೆ ಎಲ್ಲಿಂದ ಬರಬೇಕು ಸಾರ್?" ಎಂದು ಕೇಳಿದರು. ತೆರಿಗೆ ಬರುತ್ತದೆ ಎಂದು ಅವರನ್ನು ಒಪ್ಪಿಸಲು ನನಗೆ ಅರ್ಧ ಗಂಟೆ ಹಿಡಿಯಿತು.

ಅವರ ಕೈಗೆ 50 ಷೇರುಗಳು ಬಂದದ್ದು, ಅಂದರೆ ವೆಸ್ಟ್ ಆದದ್ದು, 2021ರ ಅಕ್ಟೋಬರಿನಲ್ಲಿ; ಆಗಿನ ಬೆಲೆ ಷೇರಿಗೆ 100 ಡಾಲರ್. ಷೇರು ಕೊಡುವುದಾಗಿ ಅದಕ್ಕೂ ಹಿಂದೆ ಕೊಟ್ಟ ಗ್ರ್ಯಾಂಟ್ ಪತ್ರದ ದಿನಾಂಕಕ್ಕೆ ಈ ಲೆಕ್ಕದಲ್ಲಿ ಯಾವ ಪಾತ್ರವೂ ಇಲ್ಲ. ಡಾಲರಿಗೆ ಸುಮಾರು 74 ರೂಪಾಯಿಯಂತೆ 3,70,000 ರೂಪಾಯಿಯನ್ನು ಕಂಪನಿಯು ಸಂಬಳಕ್ಕೆ ಸೇರಿಸಿ ಆಗಲೇ ತೆರಿಗೆ ಹಿಡಿದಿತ್ತು. ಮುಂದೆ ಮಾರುವಾಗ ಷೇರಿನ ಕೊಂಡ ಬೆಲೆಯಾಗುವುದು ಹೀಗೆ ತೆರಿಗೆ ಬಿದ್ದ ಮೌಲ್ಯವೇ. 2024ರ ಆಗಸ್ಟಿನಲ್ಲಿ ಅವರು ಷೇರಿಗೆ 95 ಡಾಲರಿನಂತೆ ಮಾರಿದಾಗ ದರ 83ರ ಸುತ್ತಮುತ್ತ ಇದ್ದುದರಿಂದ ಬಂದ ಹಣ 3,94,250 ರೂಪಾಯಿ, ಲಾಭ 24,250 ರೂಪಾಯಿ. ಇಟ್ಟುಕೊಂಡ ಅವಧಿ 24 ತಿಂಗಳು ದಾಟಿದ್ದರಿಂದ ಅದು ದೀರ್ಘಾವಧಿ ಲಾಭ, ಶೇ 12.5ರಂತೆ ತೆರಿಗೆ, ಅದರ ಮೇಲೆ ಸೆಸ್.

ಡಾಲರಿನಲ್ಲೇ ಲಾಭ-ನಷ್ಟ ಕಳೆದು, ಉಳಿದದ್ದನ್ನಷ್ಟೇ ರೂಪಾಯಿಗೆ ತಿರುಗಿಸಬಾರದೇ ಎಂಬುದು ಅವರ ಮುಂದಿನ ಪ್ರಶ್ನೆ. ಆ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 48ನೇ ಕಲಮು ಅಂಥ ಅನುಕೂಲವನ್ನು ಭಾರತೀಯ ಕಂಪನಿಗಳ ಷೇರು ಮಾರುವ ಅನಿವಾಸಿಗಳಿಗೆ ಕೊಟ್ಟಿದೆಯೇ ಹೊರತು ಇಲ್ಲಿನ ನಿವಾಸಿಗಳಿಗಲ್ಲ. ರೂಪಾಯಿ ಬಡವಾದದ್ದನ್ನೇ ನಮ್ಮ ಗಳಿಕೆಯೆಂದು ಎಣಿಸುವುದು ನನಗೆ ನ್ಯಾಯವೆನಿಸುವುದಿಲ್ಲ, ಆದರೆ ಲೆಕ್ಕ ಇರುವುದು ಹಾಗೆ.

ಮಾರಾಟಕ್ಕೆ ಯಾವ ದಿನದ ದರ ಎಂಬಲ್ಲಿ ಇನ್ನೊಂದು ತೊಡಕಿದೆ. ಅದೇ ಕಾಯ್ದೆಯಡಿಯ 115ನೇ ನಿಯಮದ ಪ್ರಕಾರ, ಮಾರಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ ಸ್ಟೇಟ್ ಬ್ಯಾಂಕಿನ ಟಿಟಿ ಬೈಯಿಂಗ್ ದರ, ಅಂದರೆ ಹೊರಗಿಂದ ಬಂದ ಡಾಲರನ್ನು ಬ್ಯಾಂಕು ಕೊಳ್ಳುವ ದರ, ಎಷ್ಟಿತ್ತೋ ಅದನ್ನೇ ಹಿಡಿಯಬೇಕು. ಆಗಸ್ಟಿನ ಯಾವ ತಾರೀಕಿಗೆ ಮಾರಿದರೂ ಜುಲೈ 31ರ ದರವೇ ಸರಿ. ಗೂಗಲ್ ತೋರಿಸುವ ಅಂದಿನ ದರವಾಗಲಿ, ಹಣ ಬ್ಯಾಂಕಿಗೆ ಬಂದು ಬಿದ್ದಾಗಿನ ದರವಾಗಲಿ ಇಲ್ಲಿಗೆ ಸಲ್ಲುವುದಿಲ್ಲ.

ಕೊಂಡ ಬೆಲೆಯನ್ನು ಮಾತ್ರ ಹಳೆಯ ದರ ಹುಡುಕಿ ಹೊಸದಾಗಿ ಕಟ್ಟುವುದಕ್ಕಿಂತ, ವೆಸ್ಟ್ ಆದ ವರ್ಷದ ಫಾರಂ 16ರ ಜೊತೆ ಬರುವ, ಸಂಬಳದಾಚೆಯ ಸೌಲಭ್ಯಗಳ ಪಟ್ಟಿಯಾದ 12ಬಿಎಯಿಂದಲೋ ಸಂಬಳ ಚೀಟಿಯಿಂದಲೋ ಎತ್ತಿಕೊಳ್ಳುವುದು ಒಳ್ಳೆಯದು. ವಿದೇಶದಲ್ಲಷ್ಟೇ ಲಿಸ್ಟ್ ಆದ ಷೇರು ನಮ್ಮ ನಿಯಮಗಳ ಕಣ್ಣಿಗೆ ಲಿಸ್ಟ್ ಆಗದ ಷೇರೇ ಆದ್ದರಿಂದ, ಕಂಪನಿಯು ಮರ್ಚೆಂಟ್ ಬ್ಯಾಂಕರ್ ಕಟ್ಟಿದ ಬೆಲೆಯನ್ನು ಹಿಡಿದಿರಬಹುದು. ಅದು ಅಂದಿನ ಮಾರುಕಟ್ಟೆ ಬೆಲೆಗೆ ಹೊಂದಲೇಬೇಕೆಂದಿಲ್ಲ. 12ಬಿಎಯಲ್ಲಿ ಇಡೀ ವರ್ಷದ ವೆಸ್ಟ್‌ಗಳು ಒಂದೇ ಮೊತ್ತವಾಗಿ ಕಂಡರೆ, ಕಂತುವಾರು ಹಾಳೆಯನ್ನು ಕೆಲಸ ಬಿಡುವ ಮೊದಲೇ ಪೇರೋಲ್ ವಿಭಾಗದಿಂದ ಕೇಳಿ ಪಡೆಯಿರಿ. ನನ್ನ ಸಹೋದ್ಯೋಗಿಯ ಬಳಿ ಅದು ಇರಲಿಲ್ಲ. ಮೂರು ವರ್ಷ ಹಿಂದಿನ ಸಂಬಳ ಚೀಟಿಯನ್ನು ಅವರು ಹಳೆಯ ಮೇಲ್‌ಗಳಲ್ಲಿ ಜಾಲಾಡಿ ತೆಗೆಯಬೇಕಾಯಿತು.